ವಿಷಯದ ಸಾಲು ಮತ್ತು ಎರಡೇ ಲಗತ್ತು

ಬಿ.ಇಡಿ. ಕೊನೆಯ ಸೆಮಿಸ್ಟರಿಗೆ ಬಂದವರ ಮೊಬೈಲಿಗೆ ಏಪ್ರಿಲ್‌ನಿಂದ ಜೂನ್‌ವರೆಗೆ ‘ಶಿಕ್ಷಕರು ಬೇಕಾಗಿದ್ದಾರೆ’ ಎಂಬ ಪ್ರಕಟಣೆಗಳು ದಿನಕ್ಕೊಂದಾದರೂ ಬರುತ್ತವೆ. ಸರ್ಕಾರಿ ಹುದ್ದೆಯ ಮಾತು ಬೇರೆ. ಅಲ್ಲಿ ಟಿಇಟಿ ಇದೆ, ಇಲಾಖೆಯ ಆನ್‌ಲೈನ್ ಅರ್ಜಿ ಇದೆ. ಒಂದು ಖಾನೆ ಖಾಲಿ ಬಿಟ್ಟರೆ ಆ ಪುಟವೇ ಮುಂದಕ್ಕೆ ಬಿಡುವುದಿಲ್ಲ, ಕೆಂಪಕ್ಷರದಲ್ಲಿ ತೋರಿಸುತ್ತದೆ. ಖಾಸಗಿ ಮತ್ತು ವಸತಿ ಶಾಲೆಗಳು ಹೆಚ್ಚಾಗಿ ಇಮೇಲ್‌ನಲ್ಲಿ ಅರ್ಜಿ ಕೇಳುತ್ತವೆ. ಇಮೇಲ್‌ಗೆ ಅಂಥ ಕಾವಲುಗಾರ ಇಲ್ಲ. ವಿಷಯದ ಸಾಲು ಬರೆಯದಿದ್ದರೂ ಹೋಗುತ್ತದೆ, ಎರಡರ ಬದಲು ಹನ್ನೊಂದು ಕಡತ ಹಾಕಿದರೂ ಹೋಗುತ್ತದೆ. ಕೊನೆಗೆ ಎಲ್ಲರಿಗೂ ಒಂದೇ ರೀತಿ `Sent` ಎಂದು ತೋರಿಸುತ್ತದೆ. ಕಳಿಸಿದವರಿಗೆ ಅರ್ಜಿ ಮುಟ್ಟಿತು ಎಂಬ ಸಮಾಧಾನ. ಮುಟ್ಟಿದ ಮೇಲೆ ಅದಕ್ಕೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಬಹಳ ಜನ ನೋಡಿರದ ಸಂಗತಿ.

ನನಗೆ ಅದನ್ನು ನೋಡುವ ಅವಕಾಶ ಇಂಟರ್ನ್‌ಶಿಪ್ ಕಾಲದಲ್ಲಿ ಸಿಕ್ಕಿತು. ಕೊಲ್ಹಾರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಖಾಸಗಿ ಪ್ರೌಢಶಾಲೆಗೆ ನಮ್ಮನ್ನು ಹಾಕಿದ್ದರು. ಆ ಶಾಲೆಯಲ್ಲಿ ಪಿಸಿಎಂ ಶಿಕ್ಷಕರ ಹುದ್ದೆಯೊಂದು ಖಾಲಿಯಾಗಿತ್ತು. ಆಡಳಿತ ಮಂಡಳಿ ಪ್ರಕಟಣೆ ಕೊಟ್ಟಿತ್ತು. ಅರ್ಜಿಗಳು ಬರತೊಡಗಿದ ವಾರವೇ ಕಚೇರಿಯ ಗುಮಾಸ್ತರು ಮಗಳ ಮದುವೆಗೆಂದು ರಜೆ ಹಾಕಿದರು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, “ನಿಮಗ ಕಂಪ್ಯೂಟರ್ ಬರತೈತಲ್ರಿ, ನಾಕ್ ದಿನ ಮಧ್ಯಾಹ್ನ ಆಫೀಸ್‌ನ್ಯಾಗ ಕುಂತು ಅರ್ಜಿ ಒಂದ್ ಕಡೆ ಮಾಡಿ ಕೊಡ್ರಿ” ಎಂದರು. ಪಾಠ ಇರದ ಅವಧಿಗಳಲ್ಲಿ ನಾನು ಅಲ್ಲಿ ಕುಳಿತೆ.

ಪ್ರಕಟಣೆ ಚಿಕ್ಕದು. ಅರ್ಹತೆ ಬಿ.ಎಸ್ಸಿ., ಬಿ.ಇಡಿ. ಅರ್ಜಿ ಇಮೇಲ್‌ನಲ್ಲಿ ಮಾತ್ರ. ವಿಷಯದ ಸಾಲು ಹೀಗಿರಬೇಕು ಎಂದು ಒಂದು ಮಾದರಿ ಕೊಟ್ಟಿದ್ದರು:

```
PCM TEACHER - NAME - DISTRICT
```

ಲಗತ್ತು ಎರಡೇ, ಎರಡೂ ಪಿಡಿಎಫ್. ಒಂದು ರೆಸ್ಯೂಮ್, ಎರಡು ಪುಟ ಮೀರಬಾರದು. ಇನ್ನೊಂದರಲ್ಲಿ ಎಲ್ಲ ಅಂಕಪಟ್ಟಿಗಳು ಸೇರಿರಬೇಕು. ಇಷ್ಟೇ.

ಆ ಶಾಲೆಗೆ ಇರುವುದು ಒಂದೇ ಮೇಲ್ ಐಡಿ. ಅದಕ್ಕೇ ಇಲಾಖೆಯ ಸುತ್ತೋಲೆಗಳು ಬರುತ್ತವೆ, ಟಿ.ಸಿ. ಕೇಳುವ ಪಾಲಕರ ಪತ್ರಗಳು ಬರುತ್ತವೆ, ಪುಸ್ತಕ ಪ್ರಕಾಶಕರ ಪಟ್ಟಿ, ಸಮವಸ್ತ್ರದ ಅಂಗಡಿಯ ಬಿಲ್ಲು ಎಲ್ಲವೂ ಬರುತ್ತವೆ. ಈ ಸಂತೆಯಲ್ಲಿ ಅರ್ಜಿಗಳು ಕಳೆದುಹೋಗಬಾರದೆಂದು ಗುಮಾಸ್ತರು ರಜೆಗೆ ಹೋಗುವ ಮುಂಚೆಯೇ ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಕಟ್ಟಿದ್ದರು. ವಿಷಯದ ಸಾಲಿನಲ್ಲಿ `PCM` ಮತ್ತು `TEACHER` ಎರಡೂ ಪದ ಇದ್ದರೆ ಆ ಮೇಲ್ ತಾನಾಗಿಯೇ ಒಂದು ಲೇಬಲ್ ಹೊತ್ತುಕೊಂಡು ಬೇರೆ ಸಾಲಿಗೆ ಹೋಗಿ ನಿಲ್ಲಬೇಕು.

```
subject:(PCM TEACHER)
```

ಹಿಂದೆ ಅಂಚೆಯಲ್ಲಿ ಅರ್ಜಿ ಕಳಿಸುವಾಗ ‘ಲಕೋಟೆಯ ಮೇಲೆ ಇಂಥ ಹುದ್ದೆಗೆ ಅರ್ಜಿ ಎಂದು ಬರೆಯತಕ್ಕದ್ದು’ ಎನ್ನುತ್ತಿದ್ದರಲ್ಲ, ವಿಷಯದ ಸಾಲು ಮಾಡುವುದು ಅದೇ ಕೆಲಸ. ಒಂದೇ ವ್ಯತ್ಯಾಸ. ಲಕೋಟೆಯನ್ನು ಓದುತ್ತಿದ್ದವರು ಮನುಷ್ಯರು. ಮೇಲೆ ‘ಗಣಿತ ಮಾಸ್ತರ ಹುದ್ದೆಗೆ’ ಎಂದು ಬರೆದಿದ್ದರೂ ಅವರು ಅರ್ಥ ಮಾಡಿಕೊಂಡು ಸರಿಯಾದ ಕಟ್ಟಿಗೆ ಸೇರಿಸುತ್ತಿದ್ದರು. ಫಿಲ್ಟರಿಗೆ ಗಣಿತ ಮಾಸ್ತರೂ ಗೊತ್ತಿಲ್ಲ, ಮ್ಯಾಥ್ಸ್ ಟೀಚರೂ ಗೊತ್ತಿಲ್ಲ. ಅದಕ್ಕೆ ಹೇಳಿಕೊಟ್ಟ ಎರಡು ಪದ ಇವೆಯೇ ಇಲ್ಲವೇ, ಅಷ್ಟೇ.

ಮೂರನೇ ದಿನದ ಹೊತ್ತಿಗೆ ಲೇಬಲ್ಲಿನ ಅಡಿಯಲ್ಲಿ 41 ಅರ್ಜಿಗಳಿದ್ದವು. ಇಷ್ಟೇ ಇರಲಿಕ್ಕಿಲ್ಲ ಎಂದು ಇನ್ನೊಂದು ಹುಡುಕಾಟ ಹಾಕಿದೆ. ರೆಸ್ಯೂಮ್ ಅಥವಾ ಬಯೋಡಾಟಾ ಎಂಬ ಪದ ಇದ್ದು, ವಿಷಯದ ಸಾಲಿನಲ್ಲಿ ಪಿಸಿಎಂ ಇಲ್ಲದವು:

```
(resume OR biodata) -subject:PCM
```

ಅದರಿಂದ, ಮತ್ತೆ ಸ್ಪ್ಯಾಮ್ ಪೆಟ್ಟಿಗೆಯನ್ನು ಕಣ್ಣಿಂದ ನೋಡಿದ್ದರಿಂದ ಇನ್ನೂ 13 ಅರ್ಜಿ ಹೊರಬಿದ್ದವು. ಅವುಗಳ ವಿಷಯದ ಸಾಲು ಓದಿದರೆ ಕಾರಣ ತಾನಾಗಿಯೇ ತಿಳಿಯುತ್ತಿತ್ತು. ನಾಲ್ಕರಲ್ಲಿ `Application for Maths Teacher`. ಎರಡರಲ್ಲಿ ಕನ್ನಡದಲ್ಲಿ ‘ಗಣಿತ ಶಿಕ್ಷಕರ ಹುದ್ದೆಗೆ ಅರ್ಜಿ’. ಮೂರರಲ್ಲಿ `(no subject)`. ಒಂದರಲ್ಲಿ `Respected Sir`. ಒಬ್ಬರು ಎರಡೂ ಪದ ಬರೆದಿದ್ದರು, ಆದರೆ ನಡುವೆ ಜಾಗ ಬಿಡದೆ `PCMTEACHER` ಎಂದು. ಜಿಮೇಲ್ ಇಡೀ ಪದವನ್ನು ಹುಡುಕುತ್ತದೆ, ಪದದ ತುಂಡನ್ನು ಹುಡುಕುವುದಿಲ್ಲ. ಆದ್ದರಿಂದ ಅದರ ಲೆಕ್ಕದಲ್ಲಿ ಇದು ಮೂರನೆಯದೇ ಯಾವುದೋ ಪದ. ಉಳಿದ ಎರಡು ಇಂಟರ್ನೆಟ್ ಅಂಗಡಿಯವರ ಮೇಲ್‌ನಿಂದ ಬಂದವು, ವಿಷಯದಲ್ಲಿ `Fwd: scan` ಎಂದಷ್ಟೇ ಇತ್ತು. ಈ ಎರಡರಲ್ಲಿ ಇನ್ನೊಂದು ತೊಡಕೂ ಇತ್ತು. ಉತ್ತರ ಬರೆದರೆ ಅದು ಅಂಗಡಿಗೆ ಹೋಗುತ್ತದೆ. ಸಂದರ್ಶನದ ಪತ್ರ ಅಂಗಡಿಯವರು ನೋಡಿ, ನೆನಪಿಟ್ಟು, ಅಭ್ಯರ್ಥಿಗೆ ತಿಳಿಸಬೇಕು.

ಲೇಬಲ್ಲಿಗೆ ಬಂದವರೆಲ್ಲ ಸರಿಯಾಗಿ ಬರೆದಿದ್ದರು ಎಂದೂ ಅಲ್ಲ. ನಾಲ್ಕು ಜನ ಮಾದರಿಯನ್ನು ಇದ್ದ ಹಾಗೆಯೇ ಇಳಿಸಿದ್ದರು, `NAME`, `DISTRICT` ಎಂಬ ಪದಗಳ ಸಮೇತ. ಫಿಲ್ಟರ್ ಅವರನ್ನು ಒಳಗೆ ಬಿಟ್ಟಿತು, ಆದರೆ ಪಟ್ಟಿಯಲ್ಲಿ ಅವರು ಯಾರೆಂದು ತಿಳಿಯಲು ಒಂದೊಂದನ್ನೂ ತೆರೆಯಬೇಕಾಯಿತು. ಜಿಲ್ಲೆ ಬರೆಯುವಲ್ಲಿ ನಮ್ಮ ಕಡೆಯವರಿಗೆ ಒಂದು ಸಣ್ಣ ಗೊಂದಲ ಸದಾ ಇರುತ್ತದೆ. 2014ರ ನವೆಂಬರ್ 1ರಿಂದ ಜಿಲ್ಲೆಯ ಹೆಸರು ವಿಜಯಪುರ. ಅದಕ್ಕಿಂತ ಹಿಂದಿನ ಅಂಕಪಟ್ಟಿಗಳಲ್ಲಿ ಬಿಜಾಪುರ. ಕೆಲವರು ಅದನ್ನು ಬರೆದಿದ್ದರು, ಕೆಲವರು ಇದನ್ನು. ಜಿಲ್ಲೆಯ ಬದಲು ಊರು ಬರೆದವರೂ ಇದ್ದರು. ನನ್ನ ಅನುಭವದಲ್ಲಿ `KOLHAR` ಎಂದು ಬರೆದರೆ ದಕ್ಷಿಣದ ಕಡೆಯವರು ಅದನ್ನು ಕೋಲಾರ ಎಂದು ಓದಿ, ಅಷ್ಟು ದೂರದಿಂದ ಬರುತ್ತೀರಾ ಎಂದು ಕೇಳುತ್ತಾರೆ. ಬಂಗಾರದ ಕೋಲಾರ ಅಲ್ಲರಿ, ಮೊಸರಿನ ಕೊಲ್ಹಾರ ಎಂದು ಎಷ್ಟು ಸಲ ಹೇಳಿದ್ದೇನೋ. ಪ್ರಕಟಣೆ ಜಿಲ್ಲೆ ಕೇಳಿದ್ದರೆ ಈಗಿನ ಹೆಸರಿನಲ್ಲಿ ಜಿಲ್ಲೆಯನ್ನೇ ಬರೆಯುವುದು ಸರಿ. ಆ ಶಾಲೆಯವರು ದೂರದ ಜಿಲ್ಲೆಯವರಿಗೆ ಸಂದರ್ಶನವನ್ನು ಮಧ್ಯಾಹ್ನ ಇಡುತ್ತಿದ್ದರು, ಬೆಳಗಿನ ಬಸ್ಸಿಗೆ ಹೊರಟು ಬರಲಿ ಎಂದು. ಜಿಲ್ಲೆ ಕೇಳಿದ್ದರ ಕಾರಣ ಅದೊಂದೇ.

ಇನ್ನು ‘ಎರಡೇ ಲಗತ್ತು’ ಎಂಬ ಮಾತು. ಇದು ನನಗೆ ಮೊದಲು ಬರೀ ಶಿಸ್ತಿನ ಮಾತಿನಂತೆ ಕಂಡಿತ್ತು. ಮುದ್ರಣಕ್ಕೆ ಕುಳಿತ ದಿನ ಅದರ ಲೆಕ್ಕ ತಿಳಿಯಿತು. ಸಂದರ್ಶನಕ್ಕೆ ಕೂರುವವರು ಮೂವರು: ಮುಖ್ಯೋಪಾಧ್ಯಾಯಿನಿ, ಆಡಳಿತ ಮಂಡಳಿಯ ಒಬ್ಬರು, ನಿವೃತ್ತ ಗಣಿತ ಶಿಕ್ಷಕರೊಬ್ಬರು. ಮೂವರ ಕೈಗೂ ರೆಸ್ಯೂಮ್‌ನ ಒಂದೊಂದು ಪ್ರತಿ ಹೋಗಬೇಕು. ಅಂಕಪಟ್ಟಿಗಳನ್ನು ಯಾರೂ ಮುದ್ರಿಸುವುದಿಲ್ಲ. ಅವನ್ನು ಕಚೇರಿಯ ಪರದೆಯ ಮೇಲೆ ತೆರೆದು, ಪದವಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಐಚ್ಛಿಕವಾಗಿ ಇದ್ದವೇ, ಬಿ.ಇಡಿ.ಯಲ್ಲಿ ಬೋಧನಾ ವಿಷಯಗಳು ಯಾವುವು ಎಂದು ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಅಂದರೆ ಅರ್ಜಿ ಶಾಲೆಗೆ ಬಂದ ಕೂಡಲೇ ಎರಡು ದಾರಿ ಹಿಡಿಯುತ್ತದೆ. ಒಂದು ಮುದ್ರಣ ಯಂತ್ರಕ್ಕೆ, ಇನ್ನೊಂದು ಪರಿಶೀಲನೆಗೆ. ಎರಡು ದಾರಿ ಇರುವುದರಿಂದ ಎರಡು ಕಡತ.

ಒಬ್ಬರು ಎಲ್ಲವನ್ನೂ ಸೇರಿಸಿ 14 ಪುಟದ ಒಂದೇ ಪಿಡಿಎಫ್ ಕಳಿಸಿದ್ದರು. ಅಚ್ಚುಕಟ್ಟಾಗಿಯೇ ಇತ್ತು. ಆದರೆ ರೆಸ್ಯೂಮ್ ಇದ್ದದ್ದು ಜಾತಿ ಪ್ರಮಾಣಪತ್ರದ ಹಿಂದೆ, 9 ಮತ್ತು 10ನೇ ಪುಟದಲ್ಲಿ. ಅವರಿಗೊಬ್ಬರಿಗೆ ಪುಟ ಸಂಖ್ಯೆ ಹುಡುಕಿ ಟೈಪು ಮಾಡಿ ಮುದ್ರಿಸಬೇಕಾಯಿತು. ಇನ್ನೊಬ್ಬರದು ಹನ್ನೊಂದು ಲಗತ್ತು, `scan0001.pdf`ನಿಂದ `scan0011.pdf`ವರೆಗೆ. ಯಾವುದರಲ್ಲಿ ಏನಿದೆ ಎಂಬುದು ತೆರೆದ ಮೇಲೆಯೇ ಗೊತ್ತು. ಕಡತದ ಹೆಸರಿನ ಮಾತು ಬಂದಾಗ ಇದನ್ನೂ ಹೇಳಬೇಕು. ಎಲ್ಲರ ರೆಸ್ಯೂಮ್‌ಗಳನ್ನು ಒಂದೇ ಫೋಲ್ಡರಿಗೆ ಇಳಿಸಿಕೊಂಡಾಗ ಅರ್ಧಕ್ಕಿಂತ ಹೆಚ್ಚಿನವು `resume.pdf`, `resume (1).pdf`, `resume (2).pdf` ಎಂದು ಸಾಲಾಗಿ ನಿಂತವು. ಕಳಿಸಿದವರ ಕಂಪ್ಯೂಟರಿನಲ್ಲಿ ರೆಸ್ಯೂಮ್ ಒಂದೇ. ಇಲ್ಲಿ ಬಂದಾಗ ಅದು ಇಪ್ಪತ್ತರಲ್ಲಿ ಒಂದು.

41ರಲ್ಲಿ ಸರಿಯಾಗಿ ಎರಡೇ ಪಿಡಿಎಫ್ ಇದ್ದವು 26. ಆ 26 ಅರ್ಜಿಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಉಳಿದ 15ಕ್ಕೆ ಅದರ ಮಾರನೆಯ ಮಧ್ಯಾಹ್ನ ಪೂರ್ತಿ ಬೇಕಾಯಿತು.

ಹೊರಗೆ ಸಿಕ್ಕ 13ರಲ್ಲಿ ಹನ್ನೊಂದು ಜನರಿಗೆ ಫೋನ್ ಮಾಡಿ ತಿಳಿಸಲು ಆಯಿತು. ಒಬ್ಬರು ಬರುವುದಿಲ್ಲ ಎಂದರು, ಬೇರೆ ಕಡೆ ಸೇರಿಕೊಂಡಿದ್ದರು. ಉಳಿದ ಇಬ್ಬರ ಮೇಲ್‌ನಲ್ಲಿ ಲಗತ್ತೇ ಇರಲಿಲ್ಲ, ಗೂಗಲ್ ಡ್ರೈವ್‌ನ ಕೊಂಡಿ ಇತ್ತು. ಒತ್ತಿದರೆ ‘ಅನುಮತಿ ಕೇಳಿ’ ಎಂದು ಬರುತ್ತಿತ್ತು. ಕೇಳಿದೆವು. ಫೋನ್ ನಂಬರ್ ರೆಸ್ಯೂಮ್‌ನ ಒಳಗೆ, ರೆಸ್ಯೂಮ್ ಬೀಗದ ಒಳಗೆ. ಇದು ಹೇಗಾಗುತ್ತದೆ ಎಂದರೆ, ಜಿಮೇಲ್‌ನಲ್ಲಿ ಲಗತ್ತುಗಳೆಲ್ಲ ಸೇರಿ 25 ಎಂ.ಬಿ. ದಾಟಿದರೆ ಅದು ಅವನ್ನು ಡ್ರೈವ್‌ಗೆ ಹಾಕಿ ಮೇಲ್‌ನಲ್ಲಿ ಕೊಂಡಿಯನ್ನಷ್ಟೇ ಇಡುತ್ತದೆ. ಮೊಬೈಲಿನಲ್ಲಿ ತೆಗೆದ ಅಂಕಪಟ್ಟಿಯ ಒಂದು ಫೋಟೋ 3-4 ಎಂ.ಬಿ. ಆಗುವುದು ಸಾಮಾನ್ಯ. ಹತ್ತು ಫೋಟೋ ಹಾಕಿದರೆ ಮಿತಿ ದಾಟಿತು. ಆಗ ಎದುರಿನವರಿಗೆ ನೋಡುವ ಅನುಮತಿ ಕೊಡದೆ ಕಳಿಸಿದರೆ ಹೋಗುವುದು ಬೀಗ ಹಾಕಿದ ಪೆಟ್ಟಿಗೆ.

ಆ ಇಬ್ಬರಲ್ಲಿ ಒಬ್ಬರು `Respected Sir` ಎಂದು ಬರೆದವರು. ಮೇಲ್‌ನ ಒಡಲಿನಲ್ಲಿ ಮೂರು ಸಾಲು ಮಾತ್ರ ಇತ್ತು. ಎಂಟು ವರ್ಷ ಹತ್ತನೇ ತರಗತಿಗೆ ಗಣಿತ ಕಲಿಸಿದ್ದೇನೆ, ಶಾಲೆ ಮುಚ್ಚಿದ್ದರಿಂದ ಕೆಲಸ ಹುಡುಕುತ್ತಿದ್ದೇನೆ, ದಯವಿಟ್ಟು ದಾಖಲೆ ನೋಡಿರಿ. ಸಂದರ್ಶನ ಶನಿವಾರ ಇತ್ತು. ಅನುಮತಿ ಸಿಕ್ಕಿದ್ದು ಸೋಮವಾರ. ತೆರೆದು ನೋಡಿದೆವು. ಬಂದವರಲ್ಲಿ ಅಷ್ಟು ಅನುಭವ ಇದ್ದವರು ಯಾರೂ ಇರಲಿಲ್ಲ. ಹುದ್ದೆಗೆ ಶನಿವಾರವೇ ಆಯ್ಕೆ ಆಗಿತ್ತು, ಆದೇಶವೂ ಹೋಗಿತ್ತು. ಮುಖ್ಯೋಪಾಧ್ಯಾಯಿನಿ ಬಹಳ ಹೊತ್ತು ಆ ರೆಸ್ಯೂಮ್ ನೋಡುತ್ತ ಕುಳಿತಿದ್ದರು.

ಆಡಳಿತ ಮಂಡಳಿಯವರು ಮಾತ್ರ, “ಒಂದ್ ಸೂಚನಾ ಸರಿಯಾಗಿ ಓದಲಾರದವರು ಹುಡುಗರ ಉತ್ತರ ಪತ್ರಿಕೆ ಹೆಂಗ್ ಓದ್ತಾರ್ರಿ?” ಎಂದರು. ಈ ಮಾತನ್ನು ಬಹಳ ಕಡೆ ಕೇಳಿದ್ದೇನೆ. ನನಗೆ ಇದು ಒಪ್ಪಿಗೆ ಇಲ್ಲ. ಹೊರಗುಳಿದವರಿಗೆ ಫೋನ್ ಮಾಡಿದಾಗ ಪ್ರಕಟಣೆ ಎಲ್ಲಿ ನೋಡಿದಿರಿ ಎಂದು ಕೇಳುತ್ತಿದ್ದೆ. ಹೆಚ್ಚಿನವರು ನೋಡಿದ್ದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಯಾರೋ ಒಬ್ಬರು ಪ್ರಕಟಣೆಯನ್ನು ಮತ್ತೆ ಟೈಪು ಮಾಡಿ ಹಾಕಿದ್ದರು: ಹುದ್ದೆ, ಸಂಬಳ, ಕೊನೆಯ ದಿನಾಂಕ, ಮೇಲ್ ಐಡಿ. ವಿಷಯದ ಸಾಲಿನ ಮಾತು, ಲಗತ್ತಿನ ಮಾತು ಅದರಲ್ಲಿ ಇರಲೇ ಇಲ್ಲ. ಇನ್ನು ಕೆಲವರಿಗೆ ಸಿಕ್ಕಿದ್ದು ಪ್ರಕಟಣೆಯ ಫೋಟೋ, ಕೆಳಗಿನ ನಾಲ್ಕು ಸಾಲು ಕತ್ತರಿಸಿ ಹೋದದ್ದು. ಅವರು ಸೂಚನೆ ಓದದವರಲ್ಲ, ಸೂಚನೆ ತಲುಪದವರು. ಇದನ್ನು ಅವರ ಪಾಠ ಮಾಡುವ ಶಕ್ತಿಯ ಅಳತೆಗೋಲು ಮಾಡಿದರೆ ಅಳತೆಯೇ ತಪ್ಪುತ್ತದೆ. ಮೌಲ್ಯಮಾಪನದ ತರಗತಿಯಲ್ಲಿ ಸಪ್ರಮಾಣತೆ ಎಂದು ನಾವು ಓದುತ್ತೇವೆ. ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯೇ ಎಂಬ ಪ್ರಶ್ನೆ ಅದು. ವಿಷಯದ ಸಾಲು ಅಳೆಯುವುದಿಲ್ಲ, ವಿಂಗಡಿಸುತ್ತದೆ.

ಹಾಗಂತ ಅರ್ಜಿ ಹಾಕುವವರು ಇದನ್ನು ಹೇಳಿಕೊಂಡು ಕುಳಿತರೆ ಕೆಲಸ ಸಿಗುವುದಿಲ್ಲ. ಪ್ರಕಟಣೆಯ ಪೂರ್ತಿ ಪಾಠ ಸಿಗುವವರೆಗೆ ಮೇಲ್ ಬರೆಯಬಾರದು ಎಂಬುದು ನಾನು ಆ ಕಚೇರಿಯಿಂದ ತಂದ ಮೊದಲ ಪಾಠ. ಪತ್ರಿಕೆಯಲ್ಲಿ ಬಂದಿದ್ದರೆ ಪತ್ರಿಕೆ, ಶಾಲೆಯ ಗೋಡೆಯ ಮೇಲಿದ್ದರೆ ಗೋಡೆ. ಎರಡೂ ಇಲ್ಲದಿದ್ದರೆ ಶಾಲೆಗೆ ಒಂದು ಫೋನು.

ಇಂಟರ್ನ್‌ಶಿಪ್ ಮುಗಿದು ಕೆಲವು ತಿಂಗಳಾದ ಮೇಲೆ ನನ್ನ ಸಹಪಾಠಿಯೊಬ್ಬಳು ಬೇರೆ ಜಿಲ್ಲೆಯ ವಸತಿ ಶಾಲೆಯೊಂದಕ್ಕೆ ಅರ್ಜಿ ಹಾಕಿದಳು. ಮನೆಯಲ್ಲಿ ಅಪ್ಪನ ಕಾಲು ಮುರಿದು ಹೊಲದ ಕೆಲಸ ನಿಂತಿತ್ತು. ಜೂನ್‌ನಿಂದ ಸಂಬಳ ಬರಬೇಕು ಎಂಬುದು ಅವಳಿಗೆ ಹಟವಲ್ಲ, ಲೆಕ್ಕ. ಅವಳ ಅರ್ಜಿ ಸಿದ್ಧಮಾಡಿದ ಸಂಜೆಯ ವಿವರ ಬರೆಯುತ್ತೇನೆ, ಇದೇ ಕೆಲಸ ನಮ್ಮ ಬ್ಯಾಚಿನ ಎಲ್ಲರ ಮುಂದೆ ಇದೆ.

ಅವರ ಪ್ರಕಟಣೆಯ ವಿಷಯದ ಸಾಲು ಬೇರೆ ಇತ್ತು:

```
Application for TGT (Mathematics) - Name
```

ಲಗತ್ತು ಮೂರು: ರೆಸ್ಯೂಮ್, ಅಂಕಪಟ್ಟಿಗಳು, ಒಂದು ಪಾಠಯೋಜನೆ. ಒಟ್ಟು 5 ಎಂ.ಬಿ. ಒಳಗೆ. ಇಲ್ಲಿ ಮೂರು ಏಕೆ ಎಂಬುದನ್ನು ಈಗ ಊಹಿಸುವುದು ಕಷ್ಟವಲ್ಲ. ಪಾಠಯೋಜನೆ ವಿಷಯ ತಜ್ಞರ ಕೈಗೆ ಹೋಗುತ್ತದೆ. ಅವಳು ಇನ್ನೂ ಮೂರು ಸೇರಿಸಬೇಕೆಂದಿದ್ದಳು: ಟಿಇಟಿ ಪ್ರಮಾಣಪತ್ರ, ಎನ್.ಸಿ.ಸಿ. ಪ್ರಮಾಣಪತ್ರ, ಆಧಾರ್. “ಇರಲಿ ಬಿಡು, ಹೆಚ್ಚಾದ್ರ ಏನ್ ಆಗತೈತಿ?” ಎಂದಳು. ಆರು ಲಗತ್ತು ಎಂದರೆ ದಾರಿ ಗೊತ್ತಿಲ್ಲದ ಮೂರು ಕಡತ. ಟಿಇಟಿ ಅರ್ಹತೆಗೆ ಸೇರಿದ್ದು, ಆದ್ದರಿಂದ ಅಂಕಪಟ್ಟಿಗಳ ಕಡತದ ಕೊನೆಯ ಪುಟವಾಯಿತು. ಎನ್.ಸಿ.ಸಿ. ರೆಸ್ಯೂಮ್‌ನಲ್ಲಿ ಒಂದು ಸಾಲಾಯಿತು. ಆಧಾರ್ ಅವರು ಕೇಳಿರಲಿಲ್ಲ, ಬಿಟ್ಟಳು. ಕೇಳದ ಕಡೆಗೆ ಆಧಾರ್ ಕಳಿಸುವುದು ಹೇಗೂ ಒಳ್ಳೆಯದಲ್ಲ.

ಗಾತ್ರದ ವಿಷಯದಲ್ಲಿ ಸ್ವಲ್ಪ ಗಣಿತ ಬೇಕಾಯಿತು. ಅಂಕಪಟ್ಟಿಗಳ ಕಡತಕ್ಕೆ 13 ಪುಟ: ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎಸ್ಸಿ.ಯ ಆರು ಸೆಮಿಸ್ಟರ್, ಪದವಿ ಪ್ರಮಾಣಪತ್ರ, ಬಿ.ಇಡಿ.ಯ ಮೂರು ಸೆಮಿಸ್ಟರ್, ಟಿಇಟಿ. ಬಸ್ ನಿಲ್ದಾಣದ ಬಳಿಯ ಅಂಗಡಿಯವರು 300 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ಶುರುಮಾಡಿದರು. ಡಿಪಿಐ ಎಂದರೆ ಒಂದು ಅಂಗುಲದ ಉದ್ದಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಎ4 ಹಾಳೆ 300ರಲ್ಲಿ 2480 × 3508, ಅಂದರೆ ಸುಮಾರು 87 ಲಕ್ಷ ಚುಕ್ಕೆ. 150ರಲ್ಲಿ 1240 × 1754, ಸುಮಾರು 21.7 ಲಕ್ಷ. ಡಿಪಿಐ ಅರ್ಧವಾದರೆ ಚುಕ್ಕೆಗಳು ಕಾಲುಭಾಗ, ಉದ್ದ ಅಗಲ ಎರಡೂ ಅರ್ಧವಾಗುತ್ತವಲ್ಲ. (ಸಮರೂಪ ಆಕೃತಿಗಳ ವಿಸ್ತೀರ್ಣ ಹೇಳುವವರು ಈ ಉದಾಹರಣೆ ಬಳಸಬಹುದು.) 150 ಡಿಪಿಐ, ಬೂದು ಛಾಯೆಯಲ್ಲಿ ಪುಟಕ್ಕೆ ಸುಮಾರು 250 ಕೆ.ಬಿ. ಬಂತು. 13 ಪುಟಕ್ಕೆ ಸುಮಾರು 3.25 ಎಂ.ಬಿ. ಪೂರ್ತಿ ಕಪ್ಪು-ಬಿಳುಪು ಮಾಡಿದರೆ ಇನ್ನೂ ಇಳಿಯುತ್ತಿತ್ತು, ಆದರೆ ನೋಡಿದಾಗ ವಿಶ್ವವಿದ್ಯಾಲಯದ ಮೊಹರು ಮಸಿಯ ಕಲೆಯಾಗಿ, ಅದರ ಕೆಳಗಿನ ನೋಂದಣಿ ಸಂಖ್ಯೆ ಓದಲಾರದಂತಾಗಿತ್ತು.

ಪಾಠಯೋಜನೆ ಅವಳ ಕೈಬರಹದ ನಾಲ್ಕು ಪುಟ. ಅದೂ ಬೂದು ಛಾಯೆಯಲ್ಲಿ 1 ಎಂ.ಬಿ. ಆಯಿತು. ರೆಸ್ಯೂಮ್ 0.1. ಒಟ್ಟು 4.35, ಮಿತಿ 5, ಸಾಕಲ್ಲ ಎಂದು ಅಂಗಡಿಯವರು ಮುಗಿಸಲು ಹೊರಟರು. ಆದರೆ ಮೇಲ್‌ನಲ್ಲಿ ಕಡತ ಇದ್ದ ಹಾಗೆಯೇ ಪ್ರಯಾಣ ಮಾಡುವುದಿಲ್ಲ. ಪ್ರತಿ 3 ಬೈಟ್ 4 ಅಕ್ಷರವಾಗಿ ಬದಲಾಗಿ ಹೋಗುತ್ತದೆ, ತೂಕ ಮೂರನೇ ಒಂದು ಭಾಗ ಏರುತ್ತದೆ. 4.35 ಎಂ.ಬಿ. ದಾರಿಯಲ್ಲಿ 5.8 ಆಗುತ್ತದೆ. ಶಾಲೆಯವರು 5 ಎಂದು ಹೇಳಿದ್ದು ಕಡತಗಳ ಲೆಕ್ಕವೋ, ಅವರ ಸರ್ವರ್ ಪೂರ್ತಿ ಮೇಲ್‌ಗೆ ಹಾಕಿದ ಮಿತಿಯೋ ನಮಗೆ ತಿಳಿಯುವಂತಿಲ್ಲ. ಎರಡಕ್ಕೂ ಸರಿಯಾಗಬೇಕಾದರೆ 5ರ ಮುಕ್ಕಾಲು, ಅಂದರೆ 3.75ರ ಒಳಗಿರಬೇಕು. ಪಾಠಯೋಜನೆಯಲ್ಲಿ ಮೊಹರಿಲ್ಲ, ಪೆನ್ನಿನ ಗೆರೆ ಮಾತ್ರ. ಅದನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ನಾಲ್ಕು ಪುಟ ಸೇರಿ 0.3. ಒಟ್ಟು 3.65.

ವಿಷಯದ ಸಾಲನ್ನು ಅವಳು ಆವರಣ ಚಿಹ್ನೆ, ಅಡ್ಡಗೆರೆ, ಅದರ ಎರಡೂ ಬದಿಯ ಜಾಗ ಸಮೇತ ಇದ್ದ ಹಾಗೆ ಬರೆದು, `Name` ಇದ್ದಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ತನ್ನ ಹೆಸರನ್ನು ಹಾಕಿದಳು. ಜಿಮೇಲ್ ಹುಡುಕುವಾಗ ಇಂಥ ಚಿಹ್ನೆಗಳನ್ನು ಲೆಕ್ಕಿಸುವುದಿಲ್ಲ. ಆದರೆ ಔಟ್‌ಲುಕ್‌ನಂಥ ಕಡೆ ವಿಷಯದಲ್ಲಿ ಇಂಥ ಅಕ್ಷರಸಾಲು ಇದ್ದರೆ ಎಂದು ನಿಯಮ ಬರೆಯಬಹುದು, ಅಲ್ಲಿ `TGT Maths` ಎಂದರೆ ಹೊಂದುವುದಿಲ್ಲ. ಆ ತುದಿಯಲ್ಲಿ ಯಾವುದಿದೆ ಎಂಬುದು ಈ ತುದಿಯಿಂದ ಕಾಣುವುದಿಲ್ಲ, ಇದ್ದಂತೆ ಬರೆದರೆ ಎರಡಕ್ಕೂ ಸರಿ.

ಮೊದಲು ನನಗೆ ಕಳಿಸು ಎಂದೆ. ನನ್ನ ಫೋನಿನಲ್ಲಿ ತೆರೆದರೆ ಲಗತ್ತು ನಾಲ್ಕು ಎಂದು ತೋರಿಸಿತು. ನಾಲ್ಕನೆಯದು ಅವಳ ಭಾವಚಿತ್ರ. ಮೇಲ್‌ನ ಬರಹದ ನಡುವೆ ಅಂಟಿಸಿದ್ದಳು. ಕೆಲವು ಮೇಲ್ ಆ್ಯಪ್‌ಗಳು ಅಂಥ ಚಿತ್ರವನ್ನೂ ಲಗತ್ತೆಂದೇ ಎಣಿಸುತ್ತವೆ. ಚಿತ್ರ ರೆಸ್ಯೂಮ್‌ನ ಮೂಲೆಗೆ ಹೋಯಿತು. ಒಡಲಿನಲ್ಲಿ ಐದು ಸಾಲು: ಹುದ್ದೆ, ಅರ್ಹತೆ, ನಾಲ್ಕನೇ ಸೆಮಿಸ್ಟರ್ ಫಲಿತಾಂಶ ಬಾಕಿ ಇದೆ ಎಂಬುದು, ಮೂರು ಲಗತ್ತುಗಳ ಹೆಸರು, ಫೋನ್ ನಂಬರ್. ವಿಳಾಸವನ್ನು ಎಲ್ಲ ಮುಗಿದ ಮೇಲೆ ಕೊನೆಗೆ ತುಂಬಿದಳು, ಬೆರಳು ತಾಗಿ ಅರ್ಧಕ್ಕೇ ಹೋಗಬಾರದೆಂದು. ಎಂಟನೇ ದಿನ ಅವಳಿಗೆ ಸಂದರ್ಶನಕ್ಕೆ ಕರೆ ಬಂತು. ಪಾಠಯೋಜನೆಯ ಮೇಲೆಯೇ ಬಹಳ ಪ್ರಶ್ನೆ ಕೇಳಿದರಂತೆ. ಅದರ ಮುದ್ರಿತ ಪ್ರತಿ ಒಬ್ಬರ ಕೈಯಲ್ಲಿ ಮಾತ್ರ ಇತ್ತು ಎಂದಳು. ಜೂನ್‌ನಲ್ಲಿ ಸೇರಿಕೊಂಡಳು.

ಈ ನಡುವೆ ನಾನು ಇಂಟರ್ನ್‌ಶಿಪ್ ಮಾಡಿದ ಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ಖಾಲಿಯಾಯಿತು. ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿ, “ಈ ಸಲ ಪ್ರಕಟಣೆ ನೀವ ಬರದು ಕೊಡ್ರಿ” ಎಂದರು. ವಿಷಯದ ಸಾಲನ್ನು ಪ್ರಕಟಣೆಯ ತಲೆಗೇ ತಂದೆ, ಫೋಟೋದ ಕೆಳಭಾಗ ಕತ್ತರಿಸಿದರೂ ಉಳಿಯಲಿ ಎಂದು. `NAME` ಎಂದು ಬಿಡದೆ, ಆ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ ಎಂದು ಸೇರಿಸಿದೆ. ‘ಎಲ್ಲ ಅಂಕಪಟ್ಟಿಗಳು’ ಎಂಬಲ್ಲಿ ಯಾವ ಯಾವುವು, ಯಾವ ಕ್ರಮದಲ್ಲಿ ಎಂದು ಹೆಸರಿಸಿದೆ. ಎರಡು ಕಡತದ ಕಾರಣವನ್ನೂ ಅರ್ಧ ಸಾಲಿನಲ್ಲಿ ಹೇಳಿದೆ: ರೆಸ್ಯೂಮ್ ಮುದ್ರಿಸಲು, ಅಂಕಪಟ್ಟಿ ಪರಿಶೀಲಿಸಲು. ಡ್ರೈವ್ ಕೊಂಡಿ ಬೇಡ, ಫೋನ್ ನಂಬರ್ ಮೇಲ್‌ನ ಒಡಲಿನಲ್ಲಿಯೇ ಇರಲಿ ಎಂದೆ. ಕೊನೆಗೆ, ಆಡಳಿತ ಮಂಡಳಿಯವರ ಇಚ್ಛೆಯಂತೆ, ಸೂಚನೆ ಪಾಲಿಸದ ಅರ್ಜಿಗಳನ್ನು ತಿರಸ್ಕರಿಸಲಾಗುವುದು ಎಂಬ ಸಾಲು.

ಮುಖ್ಯೋಪಾಧ್ಯಾಯಿನಿ ಕೊನೆಯ ಸಾಲೊಂದನ್ನು ಹೊಡೆದು ಹಾಕಿ, ಸೂಚನೆಯಂತೆ ಬಂದ ಅರ್ಜಿಗಳನ್ನು ಮೊದಲು ನೋಡಲಾಗುವುದು ಎಂದು ಬರೆದರು. ಸಂದರ್ಶನದ ದಿನವನ್ನು ಶನಿವಾರದಿಂದ ಮುಂದಿನ ಬುಧವಾರಕ್ಕೆ ಹಾಕಿದರು, ಬೀಗ ಹಾಕಿ ಬಂದವರಿಗೆ ಬೀಗ ತೆಗೆಯಲು ನಾಲ್ಕು ದಿನ ಸಿಗಲಿ ಎಂದು. 23 ಅರ್ಜಿ ಬಂದವಂತೆ, 19 ನೇರವಾಗಿ ಲೇಬಲ್ಲಿಗೆ. ಉಳಿದ ನಾಲ್ಕನ್ನು ಗುಮಾಸ್ತರು ಹುಡುಕಿ ತೆಗೆದರು. ಅದರಲ್ಲಿ ಒಂದು ಈ ಸಲವೂ `(no subject)`.